ಮಗು ಮೈ ಸುಡ್ತಿದೆ, ಅಂಗೈ ಅಂಗಾಲು ಮಾತ್ರ ತಣ್ಣಗೆ. ದೇಹ ಯಾಕೆ ಹೀಗೆ ಮಾಡತ್ತೆ? ಜ್ವರ ಇಳಿಸ್ಬೇಕಾ, ಬಿಡ್ಬೇಕಾ?

ತುಂಗಾತೀರ
ಮಗನಿಗೆ ಎರಡು ವರ್ಷ, 12 ಕೆಜಿ ಇದಾನೆ. ನಿನ್ನೆ ಸಂಜೆಯಿಂದ ಜ್ವರ. ರಾತ್ರಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ರೆ 102.8 ತೋರಿಸ್ತು. ಹಣೆ, ಹೊಟ್ಟೆ ಎಲ್ಲ ಸುಡ್ತಿದೆ, ಕೈಕಾಲು ಮುಟ್ಟಿದ್ರೆ ಐಸು, ಮೈ ಗಡಗಡ ನಡುಗ್ತಿತ್ತು. ಅತ್ತೆ "ಮಗೂಗೆ ಚಳಿ ಕಣೇ, ರಗ್ಗು ಹೊದಿಸು" ಅಂತಾರೆ, ನಮ್ಮನೆಯವ್ರು ಯಾವ್ದೋ ವಿಡಿಯೋ ನೋಡ್ಕೊಂಡು ಬಂದು ಫ್ಯಾನ್ ಹಾಕಿ ತಣ್ಣೀರು ಬಟ್ಟೆ ಹಿಡ್ಕೊಂಡು ನಿಂತಿದ್ರು, ಮಧ್ಯದಲ್ಲಿ ನಾನು. ಡಾಕ್ಟ್ರಿಗೆ ತೋರಿಸಿ ಆಗಿದೆ, ವೈರಲ್ ಅಂದ್ರು, ಪ್ಯಾರಾಸಿಟಮಾಲ್ ಸಿರಪ್ ಬರ್ದಿದ್ದಾರೆ, ಈಗ ಆಟ ಆಡ್ತಾ ಇದಾನೆ. ಅದಕ್ಕೆ ಗಾಬರಿ ಏನಿಲ್ಲ. ಆದ್ರೆ ಒಂದು ವಿಷ್ಯ ತಲೆಯಿಂದ ಹೋಗ್ತಿಲ್ಲ. ಮೈ ಇಷ್ಟು ಬಿಸಿ ಇದ್ದಾಗ ಚಳಿ ಯಾಕಾಗತ್ತೆ? ದೇಹವೇ ಬೇಕು ಅಂತ ಬಿಸಿ ಮಾಡ್ಕೊಳ್ತಿದ್ರೆ ನಾವು ಸಿರಪ್ ಹಾಕಿ ಇಳಿಸೋದು ಸರೀನಾ?

ವಾರ್ಡ್_ನಂ_7
ಮಕ್ಕಳ ವಾರ್ಡಲ್ಲಿ ಕೆಲಸ ನಂದು, ನೈಟ್ ಡ್ಯೂಟಿಲಿ ದಿನಾ ಕೇಳೋ ಪ್ರಶ್ನೆ ಇದು.

ನಮ್ ತಲೆಯೊಳಗೆ ಹೈಪೊಥಲಾಮಸ್ ಅಂತ ಒಂದು ಸಣ್ಣ ಭಾಗ ಇದೆ, ಮೈ ಎಷ್ಟು ಬಿಸಿ ಇರ್ಬೇಕು ಅನ್ನೋ ಸೆಟ್ಟಿಂಗ್ ಅಲ್ಲಿರತ್ತೆ, ಗೀಸರಿನ ನಾಬ್ ಇದ್ದ ಹಾಗೆ ಅಂತ ಇಟ್ಕೊಳ್ಳಿ. ವೈರಸ್ ಒಳಗೆ ಬಂದಾಗ ರಕ್ತದ ಬಿಳಿ ಕಣಗಳು ಕೆಲವು ರಾಸಾಯನಿಕ ಸಂದೇಶ ಬಿಡ್ತವೆ, ಅದರಿಂದ ಮೆದುಳಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತು ತಯಾರಾಗತ್ತೆ, ಅದು ಆ ನಾಬನ್ನ ಮೇಲಕ್ಕೆ ತಿರುಗಿಸತ್ತೆ. ನಿಮ್ಮ ಮಗನ ಸೆಟ್ಟಿಂಗ್ ಸಂಜೆ ಏಳಕ್ಕೆ 98.6 ಇಂದ 103ಕ್ಕೆ ಹೋಯ್ತು ಅನ್ಕೊಳ್ಳಿ. ಮೈ ಆಗ ಇನ್ನೂ 99ರಲ್ಲೇ ಇದೆ. ಮೆದುಳಿನ ಲೆಕ್ಕದಲ್ಲಿ ಮೈ ನಾಲ್ಕು ಡಿಗ್ರಿ ತಣ್ಣಗಾಗಿದೆ! ಅದಕ್ಕೇ ಚಳಿ. ಇರೋ ಶಾಖ ಹೊರಗೆ ಹೋಗದ ಹಾಗೆ ಕೈಕಾಲಿನ ಚರ್ಮದ ರಕ್ತನಾಳ ಕಿರಿದು ಮಾಡತ್ತೆ, ಅದಕ್ಕೇ ಅಂಗೈ ಐಸು. ಸಾಲ್ದೆ ಇದ್ರೆ ಮಾಂಸಖಂಡ ಅದುರಿಸಿ ಹೊಸದಾಗಿ ಶಾಖ ಮಾಡತ್ತೆ, ಅದೇ ನಡುಕ. ಒಂದೆರಡು ಗಂಟೆಲಿ ಮೈ 103 ಮುಟ್ಟಿದ ಮೇಲೆ ನಡುಕ ನಿಲ್ಲತ್ತೆ, ಕೈಕಾಲೂ ಬೆಚ್ಚಗಾಗತ್ತೆ, ಮುಖ ಕೆಂಪಾಗತ್ತೆ. ಆಮೇಲೆ ಸಿರಪ್ಪಿಂದಲೋ ತಾನಾಗೋ ನಾಬ್ ಕೆಳಗಿಳಿದಾಗ ಮೈಗೆ ಸೆಕೆ ಅನ್ಸತ್ತೆ, ಬೆವರು ಕಿತ್ಕೊಂಡು ಬರತ್ತೆ.

ಹಾಗಾಗಿ ಅತ್ತೆ ಹೇಳಿದ್ದೂ ಪೂರ್ತಿ ತಪ್ಪಲ್ಲ. ನಡುಗ್ತಿರೋವಾಗ ಒಂದು ತೆಳು ಹೊದಿಕೆ ಸಾಕು, ರಗ್ಗು ಬೇಡ. ನಡುಕ ನಿಂತ ಮೇಲೆ ಅದನ್ನೂ ತೆಗೀರಿ. ನಡುಗ್ತಿರೋ ಮಗೂಗೆ ತಣ್ಣೀರು ಬಟ್ಟೆ ಹಾಕೋದು ಮಾತ್ರ ಬೇಡ್ವೇ ಬೇಡ, ಚರ್ಮ ತಣ್ಣಗಾಗತ್ತೆ, ನಾಬ್ ಅಲ್ಲೇ ಇರತ್ತೆ, ದೇಹ ಇನ್ನೂ ಜೋರಾಗಿ ನಡುಗತ್ತೆ. ಮಗು ಅಳತ್ತೆ, ಜ್ವರ ಏನೂ ಇಳಿಯಲ್ಲ.

ಕೈಕಾಲು ತಣ್ಣಗಿರೋದು ಜ್ವರ ಏರೋವಾಗ ಸಾಮಾನ್ಯ. ಆದ್ರೆ ಜ್ವರ ಇಳಿದ ಮೇಲೂ ತಣ್ಣಗೇ ಇದ್ದು, ಮಗು ಮಂಕಾಗಿ ಬಿದ್ಕೊಂಡಿದ್ರೆ ಅದು ಬೇರೆ ಕಥೆ, ಆಸ್ಪತ್ರೆಗೆ ಓಡ್ಬೇಕು.

ಪ್ರಕೃತಿಪ್ರಿಯ
ಕೊನೆಗೂ ಒಬ್ರು ಸತ್ಯ ಹೇಳಿದ್ರು. ಜ್ವರ ಕಾಯಿಲೆ ಅಲ್ಲ, ದೇಹವೇ ಮಾಡ್ಕೊಳ್ಳೋ ಚಿಕಿತ್ಸೆ. ಬಿಸಿಗೆ ರೋಗಾಣು ಸುಟ್ಟು ಸಾಯತ್ತೆ. ಜ್ವರ ಬಂದ ತಕ್ಷಣ ಮಾತ್ರೆ ನುಂಗೋದು ಅಂದ್ರೆ ನಮ್ಮ ಸೈನ್ಯಕ್ಕೆ ನಾವೇ ಗುಂಡು ಹೊಡ್ದ ಹಾಗೆ. ನಮ್ಮನೆಯಲ್ಲಿ ಪ್ಯಾರಾಸಿಟಮಾಲ್ ಒಳಗೇ ಬಿಟ್ಕೊಂಡಿಲ್ಲ, 104 ಬಂದ್ರೂ ಲಂಘನ, ಬಿಸಿನೀರು, ಅಷ್ಟೇ. ಜ್ವರದಿಂದ ಕಾಯಿಲೆ ವಾಸಿ ಮಾಡಿದ್ದಕ್ಕೆ ನೊಬೆಲ್ ಪ್ರಶಸ್ತಿನೇ ಕೊಟ್ಟಿದ್ದಾರೆ, ಗೂಗಲ್ ಮಾಡಿ ನೋಡಿ.

ವಾರ್ಡ್_ನಂ_7
ಮೊದಲರ್ಧ ಒಪ್ತೀನಿ. ಆದ್ರೆ "ಸುಟ್ಟು ಸಾಯತ್ತೆ" ಅನ್ನೋದು ಆಗಲ್ಲ ಸರ್. 103 ಫ್ಯಾರನ್‌ಹೀಟ್ ಅಂದ್ರೆ 39.4 ಸೆಲ್ಸಿಯಸ್, ಅಷ್ಟು ಬಿಸಿಗೆ ಹೆಚ್ಚಿನ ಬ್ಯಾಕ್ಟೀರಿಯಾ ಏನೂ ಸಾಯಲ್ಲ. ಕೆಲವು ರೋಗಾಣು ಬೆಳೆಯೋದು ನಿಧಾನ ಆಗತ್ತೆ ಅಷ್ಟೇ. ಉದಾಹರಣೆಗೆ ನೆಗಡಿ ತರೋ ರೈನೊವೈರಸ್‌ಗೆ ಮೂಗಿನೊಳಗಿನ 33 ಡಿಗ್ರಿ ತಂಪು ಇಷ್ಟ, ಬಿಸಿಯಾದ್ರೆ ಅಷ್ಟು ಚೆನ್ನಾಗಿ ಬೆಳೆಯಲ್ಲ. ಹೆಚ್ಚಿನ ಲಾಭ ಬರೋದು ನಮ್ಮ ಕಡೆಯಿಂದ. ಆ ಬಿಸಿಗೆ ರಕ್ಷಣಾ ಕಣಗಳು ಚುರುಕಾಗ್ತವೆ, ರಕ್ತನಾಳದಿಂದ ಹೊರಬಿದ್ದು ಸೋಂಕು ಇರೋ ಜಾಗಕ್ಕೆ ಹೋಗೋದು ಸಲೀಸಾಗತ್ತೆ.

ನೊಬೆಲ್ ವಿಷ್ಯ ನಿಜ. ವಿಯೆನ್ನಾದ ವಾಗ್ನರ್ ಯೌರೆಗ್ ಅನ್ನೋ ಡಾಕ್ಟ್ರು 1917ರಲ್ಲಿ ಶುರು ಮಾಡಿದ್ದು, 1927ರಲ್ಲಿ ಪ್ರಶಸ್ತಿ ಬಂತು. ಸಿಫಿಲಿಸ್ ಮೆದುಳಿಗೆ ಏರಿದ ರೋಗಿಗಳಿಗೆ ಬೇಕಂತ್ಲೇ ಮಲೇರಿಯಾ ಹತ್ತಿಸಿ, ಜ್ವರ ಕೆಲವು ಸಲ ಬಂದು ಹೋದ ಮೇಲೆ ಕ್ವಿನೈನ್ ಕೊಟ್ಟು ನಿಲ್ಲಿಸ್ತಿದ್ರು. ಕೆಲವ್ರು ಸುಧಾರಿಸಿದ್ರು, ಕೆಲವ್ರು ಆ ಮಲೇರಿಯಾದಿಂದ್ಲೇ ಸತ್ರು. ಆಗ ಬೇರೆ ಔಷಧಿ ಇರ್ಲಿಲ್ಲ ಅಂತ ಮಾಡಿದ್ದು, ಪೆನ್ಸಿಲಿನ್ ಬಂದ ಮೇಲೆ ಅದು ನಿಧಾನಕ್ಕೆ ಮರೆಯಾಯ್ತು.

ಹಲ್ಲಿಮೇಷ್ಟ್ರು
ಪ್ರಾಣಿಶಾಸ್ತ್ರದ ಪಾಠ ಮಾಡೋನು ನಾನು, ಇಂಥ ಚರ್ಚೆಗೆ ಬರ್ದೇ ಇರಕ್ಕೆ ಆಗಲ್ಲ. ಜ್ವರದಿಂದ ನಿಜವಾಗ್ಲೂ ಲಾಭ ಇದೆಯಾ ಅಂತ ಮನುಷ್ಯರಲ್ಲಿ ಪರೀಕ್ಷೆ ಮಾಡೋದು ಕಷ್ಟ, ಯಾಕಂದ್ರೆ ಜ್ವರ ಜಾಸ್ತಿ ಇರೋರಿಗೆ ಸಾಮಾನ್ಯವಾಗಿ ಸೋಂಕೂ ಜಾಸ್ತಿನೇ ಇರತ್ತೆ, ಎರಡನ್ನೂ ಬಿಡಿಸಿ ನೋಡಕ್ಕಾಗಲ್ಲ. ಅದಕ್ಕೆ ಅಮೆರಿಕದ ಮಿಶಿಗನ್‌ನಲ್ಲಿ ಕ್ಲೂಗರ್ ಅನ್ನೋರು 1970ರ ದಶಕದಲ್ಲಿ ಮರುಭೂಮಿಯ ಇಗುವಾನಾ ತಗೊಂಡ್ರು. ಓತಿಕ್ಯಾತ ಥರದ್ದು, ತಣ್ಣಗಿನ ರಕ್ತದ ಜೀವಿ, ಒಳಗಿಂದ ಮೈ ಬಿಸಿ ಮಾಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ಬಿಸಿ ಬೇಕಂದ್ರೆ ಬಿಸಿಲಿಗೆ ಹೋಗ್ಬೇಕು, ಸಾಕಂದ್ರೆ ನೆರಳಿಗೆ ಬರ್ಬೇಕು.

ಒಂದು ಕಡೆ ಬಿಸಿ ಒಂದು ಕಡೆ ತಂಪು ಇರೋ ಜಾಗದಲ್ಲಿ ಬಿಟ್ಟು ಅದಕ್ಕೆ ಬ್ಯಾಕ್ಟೀರಿಯಾ ಚುಚ್ಚಿದ್ರು. ಸೋಂಕಾದ ಹಲ್ಲಿಗಳು ಮಾಮೂಲಿಗಿಂತ ಸುಮಾರು ಎರಡು ಡಿಗ್ರಿ ಬಿಸಿ ಇರೋ ಕಡೆ ಹೋಗಿ ಕೂತ್ಕೊಂಡ್ವು! ಯಾರೂ ಹೇಳಿಕೊಟ್ಟಿಲ್ಲ. ಆಮೇಲೆ ಸೋಂಕಾದವನ್ನ 34ರಿಂದ 42 ಡಿಗ್ರಿ ಸೆಲ್ಸಿಯಸ್ ತನಕ ಬೇರೆ ಬೇರೆ ಬಿಸಿಯಲ್ಲಿ ಕೂಡಿಹಾಕಿ ನೋಡಿದ್ರು, ತಂಪಲ್ಲಿ ಇದ್ದವು ಹೆಚ್ಚು ಸತ್ವು, ಬಿಸಿಯಲ್ಲಿ ಇದ್ದವು ಹೆಚ್ಚು ಉಳಿದ್ವು. ಮುಂದಿನ ಪ್ರಯೋಗ ಇನ್ನೂ ಮಜಾ. ಸೋಂಕಾದ 12 ಹಲ್ಲಿಗಳಿಗೆ ಜ್ವರ ಇಳಿಸೋ ಸ್ಯಾಲಿಸಿಲೇಟ್ ಕೊಟ್ರು, ಅದು ಆಸ್ಪಿರಿನ್ ಜಾತಿದು. ಏಳು ಹಲ್ಲಿ ಬಿಸಿ ಜಾಗಕ್ಕೆ ಹೋಗ್ಲಿಲ್ಲ, ಸತ್ವು. ಐದಕ್ಕೆ ಔಷಧಿ ಕೊಟ್ರೂ ಜ್ವರ ಬಂತು, ಅವು ಉಳಿದ್ವು.

ಮೀನು, ಕೆಲವು ಕೀಟ ಕೂಡ ಸೋಂಕಾದಾಗ ಬಿಸಿ ಜಾಗ ಹುಡುಕ್ತವೆ. ಇಷ್ಟು ಖರ್ಚಿನ ಅಭ್ಯಾಸ ಲಾಭ ಇಲ್ದೆ ಕೋಟ್ಯಂತರ ವರ್ಷ ಉಳಿಯಕ್ಕೆ ಸಾಧ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಪ್ರಕೃತಿಪ್ರಿಯ
ನೋಡಿದ್ರಾ, ಔಷಧಿ ಕೊಟ್ಟ ಏಳೂ ಸತ್ವು. ಇನ್ನೇನ್ ಬೇಕು ಸಾಕ್ಷಿ.

ವಾರ್ಡ್_ನಂ_7
ಹಲ್ಲಿಗೆ ಆಂಟಿಬಯೋಟಿಕ್ ಇಲ್ಲ, ಗ್ಲುಕೋಸ್ ಡ್ರಿಪ್ ಇಲ್ಲ ಸರ್, ಬೇಕಂತ್ಲೇ ಚುಚ್ಚಿ ಮಾರಕ ಸೋಂಕು ಕೊಟ್ಟಿದ್ರು. ಮನುಷ್ಯರಲ್ಲಿ 2015ರಲ್ಲಿ ಬಂದ ದೊಡ್ಡ ಅಧ್ಯಯನ ಒಂದಿದೆ, ಆಸ್ಟ್ರೇಲಿಯಾ ನ್ಯೂಜಿಲೆಂಡಿನ ಐಸಿಯುಗಳಲ್ಲಿ 700 ಜನ, ಎಲ್ರಿಗೂ ಜ್ವರ ಮತ್ತೆ ಸೋಂಕಿನ ಗುಮಾನಿ. ಅರ್ಧ ಜನಕ್ಕೆ ಆರು ಗಂಟೆಗೊಂದ್ಸಲ ಪ್ಯಾರಾಸಿಟಮಾಲ್, ಅರ್ಧ ಜನಕ್ಕೆ ಬರೀ ನೀರಿನಂಥ ಡ್ರಿಪ್. ಐಸಿಯು ಬಿಟ್ಟು ಬದುಕಿದ ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಬರ್ಲಿಲ್ಲ, ಸಾವಿನಲ್ಲೂ ಬರ್ಲಿಲ್ಲ. ಅಂದ್ರೆ ಇಳಿಸಿದ್ರೆ ಬೇಗ ವಾಸಿಯಾಗತ್ತೆ ಅನ್ನೋದೂ ಸುಳ್ಳು, ಇಳಿಸಿದ್ರೆ ಸತ್ತೋಗ್ತಾರೆ ಅನ್ನೋದೂ ಸುಳ್ಳು. ಸಿರಪ್ ಕೊಡೋದು ಮಗು ನೋವಲ್ಲಿದೆ, ಕುಡೀತಿಲ್ಲ, ನಿದ್ದೆ ಮಾಡ್ತಿಲ್ಲ ಅಂತ. ಥರ್ಮಾಮೀಟರ್ ನಂಬರಿಗಲ್ಲ. 102 ಇದ್ದೂ ಆಡ್ತಿರೋ ಮಗೂಗೆ ಕೊಡ್ದೇ ಇದ್ರೂ ನಡ್ಯತ್ತೆ, ನಿದ್ದೆ ಮಾಡ್ತಿರೋ ಮಗೂನ ಎಬ್ಸಿ ಸಿರಪ್ ಕುಡಿಸೋದಂತೂ ಬೇಡ.

ಬಿಸಿಲನಾಡು
ನಮ್ ಕಲಬುರ್ಗಿ ಕಡಿ ಬರ್ರಿ, ಏಪ್ರಿಲ್ ಮೇದಾಗ ಎಲ್ಲಾರಿಗೂ ಜ್ವರನ ಇರ್ತೈತಿ 😄 ಹೋದ್ ವರ್ಷ ನಮ್ ಕಾಕಾ ಹೊಲಕ್ಕ ಹೋಗಿದ್ದ, ಮಧ್ಯಾಹ್ನ ಎರಡಕ್ಕ ತಲಿ ತಿರುಗಿ ಬಿದ್ದಾನ, ಮೈ ಮುಟ್ಟಿದ್ರ ಹಂಚಿನಂಗ ಸುಡಾಕತ್ತಿತ್ತು, ಬೆವರು ಒಂದ್ ಹನಿ ಇಲ್ಲ, ಏನೇನೋ ಬಡಬಡಸಾಕತ್ತಿದ್ದ. ಜ್ವರ ಬಂದೈತಿ ಅಂತ ಎಲ್ಲಾರೂ ಡೋಲೋ ಕೊಡ್ರಿ ಅಂದ್ರು. ನೀವ್ ಹೇಳಿದ್ದ ನೋಡಿದ್ರ ಅದು ಒಳ್ಳೇ ಜ್ವರ ಏನ್ರಿ?

ವಾರ್ಡ್_ನಂ_7
ಅಯ್ಯೋ ಇಲ್ಲ ಅಣ್ಣ, ಅದು ಜ್ವರನೇ ಅಲ್ಲ! ಬಿಸಿಲು ಹೊಡ್ದಿದ್ದು, ಹೀಟ್ ಸ್ಟ್ರೋಕ್. ಅಲ್ಲಿ ನಾಬ್ ತನ್ನ ಜಾಗದಲ್ಲೇ ಇದೆ, ಹೊರಗಿನ ಬಿಸಿಲು ಮೈನ ಮೇಲಕ್ಕೆ ತಳ್ತಿದೆ, ತಡೆಯೋ ಶಕ್ತಿ ಸೋತಿದೆ. ಪ್ಯಾರಾಸಿಟಮಾಲ್ ನಾಬ್ ಇಳಿಸೋ ಮಾತ್ರೆ, ಇಲ್ಲಿ ನಾಬೇ ಏರಿಲ್ಲ ಅಂದ್ಮೇಲೆ ಅದು ಏನು ಮಾಡತ್ತೆ? ಸೋಂಕಿನ ಜ್ವರಕ್ಕೆ ಮೆದುಳೇ ಒಂದು ಕಡಿವಾಣ ಹಾಕಿರತ್ತೆ, 106 ದಾಟೋದು ಬಹಳ ಅಪರೂಪ. ಬಿಸಿಲಿನ ಬಿಸಿಗೆ ಆ ಕಡಿವಾಣ ಇಲ್ಲ. ತಲೆ ಕೆಟ್ಟ ಹಾಗೆ ಮಾತಾಡ್ತಿದ್ರೆ ತಡ ಮಾಡ್ದೆ ನೆರಳಿಗೆ ಎಳ್ಕೊಂಡು ಬಂದು, ಬಟ್ಟೆ ಸಡಿಲ ಮಾಡಿ, ಮೈತುಂಬ ನೀರು ಸುರಿದು ಗಾಳಿ ಬೀಸ್ಬೇಕು, ಜೊತೆಗೇ 108ಕ್ಕೆ ಫೋನ್. ಮಗುವಿನ ಜ್ವರಕ್ಕೆ ಬೇಡ ಅಂದ ತಣ್ಣೀರು ಇಲ್ಲಿ ಜೀವ ಉಳಿಸತ್ತೆ. ಪ್ರಜ್ಞೆ ಸರಿ ಇಲ್ದಾಗ ಬಾಯಿಗೆ ನೀರು ಹಾಕ್ಬೇಡಿ, ಶ್ವಾಸಕ್ಕೆ ಹೋಗತ್ತೆ.

ಬಿಸಿಲನಾಡು
ಕಾಕಾ ಈಗ ಆರಾಮದಾನ್ರಿ. ಬಾವಿ ಪಂಪ್ ಚಾಲೂ ಮಾಡಿ ಕೆಳಗ ಮಲಗಿಸಿದ್ರು, ಯಾರಿಗೋ ಹೊಳೀತು ಪುಣ್ಯಾಕ್ಕ.

ಒಬ್ಬಳೇಮಗಳು
ಮಕ್ಕಳ ವಿಷ್ಯದ ಮಧ್ಯ ಬರ್ತಿದೀನಿ ಬೇಜಾರು ಮಾಡ್ಕೋಬೇಡಿ. ಅಪ್ಪನಿಗೆ 74, ಹಾರ್ಟ್ ಪಂಪಿಂಗ್ 30 ಪರ್ಸೆಂಟ್ ಅಂತ ಎಕೋದಲ್ಲಿ ಬಂದಿದೆ. ಕಳೆದ ತಿಂಗಳು 101 ಜ್ವರ ಬಂದಾಗ ರಾತ್ರಿ ಎಲ್ಲ ಏದುಸಿರು, ಕೂತೇ ಇದ್ರು. "ಜ್ವರ ಒಳ್ಳೇದು ಬಿಡಿ" ಅಂತ ಓದಿದ್ನೆಲ್ಲ ನೆನೆಸ್ಕೊಂಡು ಮಾತ್ರೆ ಕೊಡೋದಾ ಬೇಡ್ವಾ ಅಂತ ನನಗೆ ಒಂದೇ ತಳಮಳ. ಆಮೇಲೆ ನ್ಯುಮೋನಿಯಾ ಅಂತ ಗೊತ್ತಾಯ್ತು.

ವಾರ್ಡ್_ನಂ_7
ಬೇಜಾರು ಯಾಕಮ್ಮ, ಜ್ವರದಿಂದ ತೊಂದ್ರೆ ಆಗೋದು ಇಂಥವ್ರಿಗೇ. ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ದೇಹಕ್ಕೆ ಬೇಕಾಗೋ ಆಕ್ಸಿಜನ್ ಸುಮಾರು ಶೇಕಡಾ 10 ಜಾಸ್ತಿ ಆಗತ್ತೆ, ಹೃದಯ ನಿಮಿಷಕ್ಕೆ ಹತ್ತು ಸಲ ಹೆಚ್ಚು ಬಡ್ಕೊಳತ್ತೆ. ನಡುಕ ಶುರುವಾದ್ರೆ ಖರ್ಚು ಇನ್ನೂ ಮೇಲೆ. 20 ವರ್ಷದ ಹುಡುಗನಿಗೆ ಅದು ಲೆಕ್ಕಕ್ಕೇ ಇಲ್ಲ. 30 ಪರ್ಸೆಂಟ್ ಪಂಪಿಂಗ್ ಇರೋ ಹೃದಯಕ್ಕೆ ಅಷ್ಟು ಹೆಚ್ಚುವರಿ ಕೆಲಸ ಮಾಡೋ ಯೋಗ್ಯತೆ ಉಳಿದಿರಲ್ಲ, ಶ್ವಾಸಕೋಶದಲ್ಲಿ ನೀರು ನಿಲ್ಲತ್ತೆ. ಅಂಥವ್ರಿಗೆ ಜ್ವರ ಇಳಿಸೋದೇ ಸರಿ, ಆದ್ರೆ ಇಳಿಸಿ ಸುಮ್ನೆ ಕೂರೋದಲ್ಲ, ಏದುಸಿರು ಬಂದ ರಾತ್ರಿನೇ ಆಸ್ಪತ್ರೆ. ಗರ್ಭಿಣಿಯರಿಗೂ, ಅದ್ರಲ್ಲೂ ಮೊದಲ ಮೂರು ತಿಂಗಳು, ಜೋರು ಜ್ವರ ಹಾಗೇ ಬಿಡೋದಿಲ್ಲ.

ಇನ್ನೊಂದು, ವಯಸ್ಸಾದವ್ರಿಗೆ ದೊಡ್ಡ ಸೋಂಕಲ್ಲೂ ಜ್ವರ ಏರ್ದೇ ಇರಬಹುದು. 99 ಇದೆ ಅಷ್ಟೇ ಅಂತ ನೀವಿದ್ರೆ ಅಲ್ಲಿ ನ್ಯುಮೋನಿಯಾ ಬೆಳೀತಿರತ್ತೆ. ಊಟ ಬೇಡ ಅನ್ನೋದು, ಇದ್ದಕ್ಕಿದ್ದ ಹಾಗೆ ಮನೆಯವ್ರ ಹೆಸರು ತಪ್ಪಿ ಕರೆಯೋದು, ಬಿದ್ದುಬಿಡೋದು, ಥರ್ಮಾಮೀಟರಿಗಿಂತ ಇವನ್ನ ನಂಬಿ.

ತುಂಗಾತೀರ
ವಾರ್ಡ್ ಅವ್ರೇ, ಡೋಸ್ ಬಗ್ಗೆ ಒಂದು. ಡಾಕ್ಟ್ರು 3.5 ಎಂಎಲ್ ಅಂದಿದ್ದಾರೆ. ಮನೇಲಿ ನಾದಿನಿ ಮಗಳಿಗೆ ತಂದಿದ್ದ ಹಳೇ ಬಾಟ್ಲು ಒಂದಿದೆ, ಅವಳಿಗೂ ಹೆಚ್ಚುಕಮ್ಮಿ ಇದೇ ತೂಕ ಇದ್ದಾಗ 7.5 ಕೊಡ್ತಿದ್ರಂತೆ. ಎರಡೂ ಪ್ಯಾರಾಸಿಟಮಾಲೇ. ಹಂಗಾದ್ರೆ ಇವ್ರು ಕಮ್ಮಿ ಬರ್ದಿದ್ದಾರಾ?

ವಾರ್ಡ್_ನಂ_7
ಲೇಬಲ್ ನೋಡಿ ಮೊದ್ಲು! ಒಂದೇ ಔಷಧಿ, ಸಾಂದ್ರತೆ ಬೇರೆ ಬೇರೆ. ಲೆಕ್ಕ ಹೀಗೆ. ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ, 12 ಕೆಜಿಗೆ 180 ಮಿಲಿಗ್ರಾಂ. 5 ಎಂಎಲ್‌ನಲ್ಲಿ 250 ಇರೋ ಸಿರಪ್ ಆದ್ರೆ 180 ಸಿಗೋದು ಸುಮಾರು 3.6 ಎಂಎಲ್‌ನಲ್ಲಿ, ನಿಮ್ಮ ಡಾಕ್ಟ್ರು 3.5 ಅಂದಿದ್ದು ಸರಿ ಇದೆ. 5 ಎಂಎಲ್‌ನಲ್ಲಿ 120 ಇರೋ ಸಿರಪ್ ಆದ್ರೆ ಅದೇ 180ಕ್ಕೆ 7.5 ಎಂಎಲ್ ಬೇಕು, ನಾದಿನಿ ಕೊಟ್ಟಿದ್ದೂ ಸರಿ. ಈಗ ಹೊಸ 250ರ ಬಾಟ್ಲಿಂದ ಹಳೇ ನೆನಪಲ್ಲಿ 7.5 ಕೊಟ್ರೆ? 375 ಮಿಲಿಗ್ರಾಂ, ಡಬಲ್ ದಾಟ್ತು. ಇದರ ಮೇಲೆ ಹಾಲುಮಕ್ಕಳ ಡ್ರಾಪ್ಸ್ ಇದೆ, ಅದರಲ್ಲಿ ಒಂದೇ ಎಂಎಲ್‌ಗೆ 100, ಅದನ್ನ ಸಿರಪ್ ಅಂತ 3.5 ಹಾಕಿದ್ರೂ ಅದೇ ಗತಿ. ಒಂದು ಸಲ ಆದ್ರೆ ಹೆಚ್ಚಿನ ಮಕ್ಕಳು ತಡ್ಕೊಳ್ತಾರೆ, ಜ್ವರ ಇಳೀಲಿಲ್ಲ ಅಂತ ಎರಡು ಮೂರು ದಿನ ಹಾಗೇ ಕೊಟ್ಕೊಂಡು ಹೋದ್ರೆ ಲಿವರ್‌ಗೆ ಹೊಡೆತ. ಎರಡು ಡೋಸಿನ ನಡುವೆ ಕಮ್ಮಿ ಅಂದ್ರೂ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮೆಡಿಕಲ್ ಶಾಪಿನ ನೆಗಡಿ ಸಿರಪ್ಪಲ್ಲೂ ಪ್ಯಾರಾಸಿಟಮಾಲ್ ಸೇರಿರತ್ತೆ, ಎರಡೂ ಒಟ್ಟಿಗೆ ಕೊಡೋರು ಬಹಳ ಜನ.

ತುಂಗಾತೀರ
ಹಳೇದು 120, ಹೊಸದು 250! ಬಾಟ್ಲು ನೋಡಿ ಬಂದೆ. ಹಳೇದನ್ನ ಎಸೀತಿದೀನಿ. ಇನ್ನು ಫಿಟ್ಸ್? ಜ್ವರ ತಲೆಗೇರತ್ತೆ, ಇಳಿಸ್ಲೇಬೇಕು ಅಂತ ಅತ್ತೆ ಭಯ ಅದೇ.

ವಾರ್ಡ್_ನಂ_7
ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರತ್ತೆ. ನೋಡೋಕೆ ಭಯಂಕರ, ಆದ್ರೆ ಹೆಚ್ಚಿನವು ತಾವಾಗೇ ನಿಲ್ತವೆ, ಮಾಮೂಲಿ ಫಿಟ್ಸ್‌ನಿಂದ ಮೆದುಳು ಕೆಡಲ್ಲ. ಸಿರಪ್ ಟೈಮಿಗೆ ಕೊಟ್ರೆ ಫಿಟ್ಸ್ ತಡೀಬಹುದು ಅಂತ ಎಲ್ರೂ ನಂಬಿದ್ದಾರೆ, ಪರೀಕ್ಷೆ ಮಾಡಿ ನೋಡಿದ್ರೆ ತಡೆಯಲ್ಲ. ಎಷ್ಟೋ ಸಲ ಜ್ವರ ಇದೆ ಅಂತ ಮನೆಯವ್ರಿಗೆ ಗೊತ್ತಾಗೋದೇ ಫಿಟ್ಸ್ ಬಂದ ಮೇಲೆ. ಬಂದ್ರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ ಬೆರಳು ಏನೂ ಹಾಕ್ಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಎಮರ್ಜೆನ್ಸಿ. ಮೊದಲನೇ ಸಲ ಆದ್ರೆ ನಿಂತ ಮೇಲೂ ತೋರಿಸ್ಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದ್ರೆ ಮಾತ್ರ ಮನೇಲಿ ಏನೂ ನೋಡ್ಕೊಂಡು ಕೂರ್ಬೇಡಿ, ನೆಟ್ಟಗೆ ಆಸ್ಪತ್ರೆ.

ಕುಡ್ಲದಮಳೆ
ಎಲ್ಲರೂ ಜ್ವರ ಏರಿದ್ರೆ ಏನು ಅಂತ ಕೇಳ್ತಾ ಇದ್ದೀರಿ, ನಮ್ಮ ಊರಲ್ಲಿ ಮಳೆಗಾಲದಲ್ಲಿ ಜ್ವರ ಇಳಿದ್ರೆ ಭಯ ಮಾರ್ರೆ. ನನ್ನ ತಮ್ಮನಿಗೆ ಡೆಂಗ್ಯೂ. ನಾಲ್ಕು ದಿನ 103, ಐದನೇ ದಿನ ಬೆಳಿಗ್ಗೆ ನಾರ್ಮಲ್. ಅಮ್ಮ ಗಂಜಿ ಕೊಟ್ಟು "ಬಿಟ್ಟಿತು" ಅಂತ ಖುಷಿಯಲ್ಲಿದ್ರು. ಮಧ್ಯಾಹ್ನ ಹೊಟ್ಟೆನೋವು, ಬಿಡದೆ ವಾಂತಿ, ಸಂಜೆಗೆ ಎದ್ದು ನಿಲ್ಲಲಿಕ್ಕೆ ಆಗ್ಲಿಲ್ಲ. ಡ್ಯೂಟಿ ಡಾಕ್ಟ್ರು ಹೇಳಿದ್ದು, ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರಿನ ಅಂಶ ಸೋರ್ಲಿಕ್ಕೆ ಶುರು ಆಗ್ತದೆ, ಬಿಪಿ ಬೀಳುವುದು ಆವಾಗಲೇ ಅಂತ.

ವಾರ್ಡ್_ನಂ_7
ನೂರಕ್ಕೆ ನೂರು. ಹೆಚ್ಚಾಗಿ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿದ ಮೇಲಿನ ಒಂದೆರಡು ದಿನ. ಎಲ್ರೂ ಪ್ಲೇಟ್ಲೆಟ್ ಸಂಖ್ಯೆ ಹಿಡ್ಕೊಂಡು ಕೂರ್ತಾರೆ, ರಿಪೋರ್ಟಲ್ಲಿ ಹಿಮಟೊಕ್ರಿಟ್ ಏರ್ತಿದೆಯಾ ಅಂತ ಕೇಳೋರು ಕಮ್ಮಿ, ಏರ್ತಿದ್ರೆ ರಕ್ತ ಗಟ್ಟಿಯಾಗ್ತಿದೆ, ನೀರು ಹೊರಗೆ ಸೋರ್ತಿದೆ ಅಂತ ಅರ್ಥ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮೂತ್ರ ಕಮ್ಮಿ, ಮಂಕು, ಇದ್ರಲ್ಲಿ ಒಂದಿದ್ರೂ ಕಾಯೋದಲ್ಲ. ಡೆಂಗ್ಯೂ ಅನುಮಾನ ಇದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಐಬುಪ್ರೊಫೆನ್, ಮೆಫೆನಮಿಕ್, ಆಸ್ಪಿರಿನ್ ಬೇಡ, ರಕ್ತಸ್ರಾವಕ್ಕೆ ದಾರಿ ಆಗತ್ತೆ. ಪ್ಯಾರಾಸಿಟಮಾಲಿಗೆ ಬಗ್ಗಲ್ಲ ಅಂತ ಅಂಗಡಿಯವ್ರು "ಸ್ಟ್ರಾಂಗ್" ಒಂದು ಕೊಡ್ತಾರಲ್ಲ, ಅದರಲ್ಲಿ ಹೆಚ್ಚಾಗಿ ಇವೇ ಇರೋದು.

ಪ್ರಕೃತಿಪ್ರಿಯ
ಪಪ್ಪಾಯ ಎಲೆ ರಸ ಕೊಟ್ಟಿದ್ರೆ ಆಸ್ಪತ್ರೆಗೆ ಹೋಗೋದೇ ಬೇಕಿರ್ಲಿಲ್ಲ.

ಕುಡ್ಲದಮಳೆ
ಅಮ್ಮ ಅದನ್ನೂ ಕೊಟ್ಟಿದ್ರು. ವಾಂತಿಯಲ್ಲಿ ಮೊದಲು ಬಂದದ್ದು ಅದೇ. ತಮ್ಮ ಎದ್ದು ಕೂತದ್ದು ಡ್ರಿಪ್ಪಿನಿಂದ.

ಹಲ್ಲಿಮೇಷ್ಟ್ರು
ವಾರ್ಡ್ ಅವ್ರಿಗೆ ನಂದೊಂದು ಪ್ರಶ್ನೆ. ಮೊಮ್ಮಗಳಿಗೆ ಮುಂದಿನ ವಾರ ಇಂಜೆಕ್ಷನ್ ಇದೆ, ಐದು ರೋಗಕ್ಕೆ ಒಟ್ಟಿಗೆ ಹಾಕೋ ಪೆಂಟಾವ್ಯಾಲೆಂಟ್ ಲಸಿಕೆ. ಹೋದ್ಸಲ ಜ್ವರ ಬಂತು ಅಂತ ಈ ಸಲ ಮೊದಲೇ ಪ್ಯಾರಾಸಿಟಮಾಲ್ ಹಾಕ್ಬಿಡೋಣ ಅಂತಿದ್ದಾಳೆ ಸೊಸೆ. ನನ್ನ ಹಲ್ಲಿಗಳ ಲೆಕ್ಕದಲ್ಲಿ ಅದು ಯಾಕೋ ಸರಿ ಕಾಣ್ತಿಲ್ಲ.

ವಾರ್ಡ್_ನಂ_7
ನಿಮ್ಮ ಅನುಮಾನಕ್ಕೆ ಆಧಾರ ಇದೆ ಮೇಷ್ಟ್ರೇ. ಚೆಕ್ ದೇಶದಲ್ಲಿ 459 ಕೂಸುಗಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಬಂತು. ಲಸಿಕೆ ಹಾಕಿಸಿದ ದಿನ ಮುಂಜಾಗ್ರತೆಗೆ ಅಂತ ಪ್ಯಾರಾಸಿಟಮಾಲ್ ಕೊಟ್ಟವ್ರಿಗೆ ಜ್ವರ ಕಮ್ಮಿ ಬಂತು ನಿಜ, ಆದ್ರೆ ಹಲವು ಲಸಿಕೆಗಳಿಗೆ ಹುಟ್ಟೋ ಪ್ರತಿಕಾಯಗಳೂ ಕಮ್ಮಿಯಾದ್ವು. ಹಾಗಂತ ಹೆಚ್ಚಿನ ಮಕ್ಕಳಲ್ಲಿ ರಕ್ಷಣೆಗೆ ಸಾಕಾಗೋ ಮಟ್ಟ ಇದ್ದೇ ಇತ್ತು, ಅದಕ್ಕೇ ಇದ್ರ ತೂಕ ಎಷ್ಟು ಅಂತ ಇನ್ನೂ ಜಗಳ ಇದೆ. ಬ್ರಿಟನ್ನಿನಲ್ಲಿ ಒಂದು ಮೆನಿಂಜೈಟಿಸ್ ಲಸಿಕೆಗೆ ಜ್ವರ ಜಾಸ್ತಿ ಅಂತ ಅವರೇ ಪ್ಯಾರಾಸಿಟಮಾಲ್ ಕೊಡಿ ಅಂತಾರೆ. ನಾನು ಹೇಳೋದು, ಮೊದಲೇ ಹಾಕ್ಬೇಡಿ, ಜ್ವರ ಬಂದು ಕೂಸು ಕಿರಿಕಿರಿ ಮಾಡಿದ್ರೆ ತೂಕ ನೋಡಿ ಕೊಡಿ. ನಮ್ಮ ವಾರ್ಡಲ್ಲೇ ಇದನ್ನ ಒಪ್ಪದ ಡಾಕ್ಟ್ರು ಇದ್ದಾರೆ.

ಹಲ್ಲಿಮೇಷ್ಟ್ರು
ಸರಿ, ಸೊಸೆಗೆ ಇದನ್ನೇ ಓದಿ ಹೇಳ್ತೀನಿ. ಒಪ್ಪೋದು ಬಿಡೋದು ಅವಳಿಗೆ ಬಿಟ್ಟಿದ್ದು, ರಾತ್ರಿ ಎದ್ದು ಕೂರೋಳು ಅವಳೇ ತಾನೇ.